ಇನ್ನೂರ ಹದಿನೇಳನೇ ಪುಟ

ವಿನ್ನಿಪೆಗ್‌ನ ಆಸ್ಪತ್ರೆಯೊಂದರ ಗ್ರಂಥಾಲಯದಲ್ಲಿ ವಿಲ್ಮಾ ಥೀಸನ್‌ಗೆ ಇಪ್ಪತ್ತಾರು ವರ್ಷಗಳಿಂದ ಒಂದೇ ಕೆಲಸ. ಹಳೆಯ ಸಂಶೋಧನಾ ಲೇಖನಗಳನ್ನು ಸ್ಕ್ಯಾನ್ ಮಾಡಿ ಮುದ್ರಿಸಿದ ಪ್ರತಿ ಓದಿ, ಉದ್ದೇಶ, ವಿಧಾನ, ಫಲಿತಾಂಶ, ಮಿತಿ ಎಂಬ ನಾಲ್ಕು ತಲೆಬರಹಗಳಡಿ ಒಂದು ಪುಟಕ್ಕಿಳಿಸುವುದು. ಲೇಖಕರೇ ಮೊದಲಲ್ಲಿ ಬರೆದಿರುವ ಸಾರಾಂಶವನ್ನು ಮಾತ್ರ, ತನ್ನದು ಮುಗಿಯುವವರೆಗೆ ಹಳದಿ ಚೀಟಿ ಅಂಟಿಸಿ ಮುಚ್ಚಿಡುತ್ತಾಳೆ. ಯಾಕೆಂದು ಕೇಳಿದರೆ, "ಅಡುಗೆ ಮಾಡಿದೋರನ್ನೇ ರುಚಿ ಹೇಗಿದೆ ಅಂತ ಕೇಳ್ತಾರಾ?" ಅನ್ನುತ್ತಾಳೆ. ಹಟಮಾರಿ ಹೆಂಗಸು, ಆದರೆ ಕೆಲಸದಲ್ಲಿ ಎತ್ತಿದ ಕೈ.

ಆ ಬುಧವಾರ ನರ್ಸ್ ಒಡೆಟ್ ಅವಳ ತಲೆಯ ಮೇಲೇ ನಿಂತಿದ್ದಳು. ಸಕ್ಕರೆ ಕಾಯಿಲೆಯವರ ಮನೆಗಳಿಗೇ ಹೋಗಿ ಪಾದ ನೋಡಿ ಬರುವುದು ಒಡೆಟ್ ಕಟ್ಟಿ ಬೆಳೆಸಿದ ಯೋಜನೆ. ಅದನ್ನು ಉಳಿಸಬೇಕೋ ಬಿಡಬೇಕೋ ಎಂದು ಮರುದಿನ ಆಸ್ಪತ್ರೆಯ ಸಮಿತಿ ತೀರ್ಮಾನಿಸಲಿತ್ತು. ಅದರ ಬೆನ್ನಿಗಿದ್ದದ್ದು ೧೯೮೩ರ ಒಂದೇ ಲೇಖನ.

ಅವಸರದಲ್ಲಿ ವಿಲ್ಮಾ ಚೀಟಿ ಕೀಳುವ ಮೊದಲೇ ಬರೆದು ಸಮಿತಿಗೆ ಕಳಿಸಿಬಿಟ್ಟಳು. ಫಲಿತಾಂಶ ಚೆನ್ನಾಗಿತ್ತು: ನರ್ಸ್ ಮನೆಗೆ ಹೋದ ಐವತ್ತನಾಲ್ಕು ಜನರಲ್ಲಿ ಏಳು ಮಂದಿಗೆ ಪಾದದ ಹುಣ್ಣು, ಹೋಗದ ಐವತ್ತೆರಡರಲ್ಲಿ ಹದಿನಾರು ಮಂದಿಗೆ. ಮಿತಿ ಮಾತ್ರ ಕಹಿ: ಯಾರು ಯಾವ ಗುಂಪಿಗೆ ಎಂದು ಹೇಗೆ ಆರಿಸಿದರೋ ತಿಳಿಸಿಲ್ಲ, ಆರಂಭದ ನೂರಿಪ್ಪತ್ತರಲ್ಲಿ ಹದಿನಾಲ್ಕು ಜನ ಏನಾದರೋ ಗೊತ್ತಿಲ್ಲ, ಆರು ತಿಂಗಳಷ್ಟೇ ನೋಡಿದ್ದಾರೆ. ಒಡೆಟ್ ಮುಖ ಸಪ್ಪೆ ಮಾಡಿಕೊಂಡು ಹೋದಳು.

ಆಮೇಲೆ ವಿಲ್ಮಾ ಹಳದಿ ಚೀಟಿ ಕಿತ್ತಳು. ಕೆಳಗಿದ್ದ ಸಾರಾಂಶದಲ್ಲಿ, ಚೀಟಿ ಎತ್ತಿದಂತೆ ಮುಚ್ಚಿದ ಲಕೋಟೆ ಎತ್ತಿಸಿ ಗುಂಪು ಮಾಡಿದ್ದೇವೆ ಎಂದಿತ್ತು. ಹಾಳೆಗಳನ್ನು ಮತ್ತೆ ತಿರುವಿದಳು. ಒಂದನೇ ಕೋಷ್ಟಕ, ಅದಾದ ಮೇಲೆ ಮೂರನೆಯದು. ಸ್ಕ್ಯಾನ್ ಮಾಡುವಾಗ ಎರಡು ಹಾಳೆ ಅಂಟಿಕೊಂಡು, ನಡುವಿನ ಪುಟ ಬಿಟ್ಟುಹೋಗಿತ್ತು. ಪುಟಸಂಖ್ಯೆಗಳೆಲ್ಲ ಅಂಚಿನಲ್ಲಿ ಕತ್ತರಿಸಿಹೋಗಿದ್ದವು. ಒಂದು ಪುಟ ಪೂರ್ಣವಿರಾಮಕ್ಕೆ ಮುಗಿದು ಮುಂದಿನದು ಹೊಸ ಪ್ಯಾರಾದಿಂದ ಶುರುವಾಗಿದ್ದರಿಂದ ಓದುವಾಗ ಗೊತ್ತಾಗಿರಲಿಲ್ಲ. ಸ್ಕ್ಯಾನಿನ ತಪ್ಪನ್ನು ಲೇಖಕರ ತಲೆಗೆ ಕಟ್ಟಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ನೆಲಮಾಳಿಗೆಗಿಳಿದು ಹಳೆಯ ಸಂಪುಟ ತೆಗೆದಳು. ಇನ್ನೂರ ಹದಿನೇಳನೇ ಪುಟದಲ್ಲಿ ಲಕೋಟೆಯೂ ಇತ್ತು, ಹದಿನಾಲ್ಕು ಜನರ ಲೆಕ್ಕವೂ ಇತ್ತು: ಒಂಬತ್ತು ಜನ ಊರು ಬಿಟ್ಟರು, ಮೂವರು ತೀರಿಕೊಂಡರು, ಇಬ್ಬರು ಸಾಕೆಂದು ಬಿಟ್ಟರು.

ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅವಳು ಕಳಿಸಿದ್ದನ್ನು ಹಿಂದಕ್ಕೆ ಪಡೆದಳು. ತಿದ್ದಿದ ಪ್ರತಿ ನೋಡಿ ಒಡೆಟ್ ಅರಳಿದಳು, ಜೊತೆಗೆ ಆಸೆಯೂ ಪಟ್ಟಳು.

"ವಿಲ್ಮಾ, ಆ ಆರು ತಿಂಗಳ ಮಾತೂ ತೆಗೆದುಬಿಡಿ."

"ಅದು ಪುಟದಲ್ಲೇ ಇದೆ ಕಣೇ. ಇಲ್ಲದ್ದನ್ನ ಬರ್ದಿದ್ದಕ್ಕೆ ಒಂದ್ಸಲ ತಲೆ ತಗ್ಗಿಸಿದ್ದಾಯ್ತು. ಇರೋದನ್ನ ಅಳಿಸಿ ಇನ್ನೊಂದ್ಸಲ ತಗ್ಗಿಸಲ್ಲ."

ಗುರುವಾರ ಮಧ್ಯಾಹ್ನ ಒಡೆಟ್ ಒಂದು ಡಬ್ಬಿ ರೂಬಾರ್ಬ್ ಕೇಕ್ ಹಿಡಿದು ಬಂದಳು. ಸಮಿತಿಯವರು ಮಿತಿಯ ಮೇಲೇ ಬೆರಳಿಟ್ಟು, ಆರು ತಿಂಗಳಾದ ಮೇಲೆ ಏನಾಗುತ್ತದೆಂದು ಕೇಳಿದ್ದರಂತೆ. ಯಾರಿಗೂ ಗೊತ್ತಿಲ್ಲ, ನಮಗೆ ಎರಡು ವರ್ಷ ಕೊಟ್ಟರೆ ನಾವೇ ನೋಡಿ ಹೇಳುತ್ತೇವೆ ಎಂದಳಂತೆ ಒಡೆಟ್.

"ಕೊಟ್ರಾ?"

"ಕೊಟ್ರು. ಕೊನೇಲಿ ನಾವು ಬರೆಯೋ ಲೇಖನಕ್ಕೂ ನೀವೇ ಸಾರಾಂಶ ಬರೀಬೇಕು."

ವಿಲ್ಮಾ ಕೇಕ್ ಕತ್ತರಿಸುತ್ತ, ಆ ಲೇಖನದ ಪುಟಗಳನ್ನು ಮೊದಲು ತಾನೇ ಎಣಿಸಿಕೊಳ್ಳುತ್ತೇನೆ ಎಂದಳು.