ಮಧ್ಯಾಹ್ನದ ಮಾತ್ರೆಯ ಡಬ್ಬಿ

ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನ ತಪ್ಪಿದ ಮೇಲೆ ಅಕ್ಕ ಎಲ್ಲವನ್ನೂ ಹೇಗೋ ಸಹಿಸಿಕೊಂಡಳು, ಮಧ್ಯಾಹ್ನದ ಮಾತ್ರೆಯೊಂದನ್ನು ಬಿಟ್ಟು. ಬೆಳಿಗ್ಗೆ, ರಾತ್ರಿ ಭಾವ ಮನೆಯಲ್ಲೇ ಇರುತ್ತಿದ್ದರು. ಮಧ್ಯಾಹ್ನ ಮಾತ್ರ ಯಶವಂತಪುರದ ಬಿಡಿಭಾಗಗಳ ಅಂಗಡಿಯ ಕೆಲಸ ಬಿಟ್ಟು, ಸ್ಕೂಟರಿನಲ್ಲಿ ಶೆಟ್ಟಿಹಳ್ಳಿಯ ಮನೆಗೆ ಓಡಿಬರಬೇಕಿತ್ತು. ಬಂದವರು ಮಾತ್ರೆಯನ್ನು ಅವಳ ಬಾಯಿಗಿಟ್ಟು, ನೀರು ಕುಡಿಸಿ, ಗಲ್ಲ ಒರೆಸಿ, ಚಪ್ಪಲಿ ಮೆಟ್ಟಿಕೊಂಡು ವಾಪಸ್ ಹೊರಡುತ್ತಿದ್ದರು. ಕೂರುವುದಕ್ಕೆ ಪುರುಸೊತ್ತಿರಲಿಲ್ಲ.

ಅಕ್ಕ ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರ್ ಆಗಿದ್ದವಳು. ಅವಳು ಸೀಟಿ ಊದಿದರೆ ಇಡೀ ಮೈದಾನ ನಿಂತಲ್ಲೇ ನಿಲ್ಲುತ್ತಿತ್ತು. ಅಂಥವಳು ಗಂಡ ಮಾತ್ರೆ ಹಿಡಿದು ಬಂದಾಗ ಗೋಡೆಯ ಕಡೆ ನೋಡುತ್ತಾ ಬಾಯಿ ತೆರೆಯುತ್ತಿದ್ದಳು. ಆಮೇಲೆ ಅವರ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ತಟ್ಟೆಯಲ್ಲಿ ಮಾತ್ರೆ ಇಟ್ಟುಹೋಗುವುದನ್ನೂ ಮಾಡಿ ನೋಡಿದ್ದಾಯಿತು. ಅದು ಒಂದು ದಿನ ಉರುಳಿ ಮಂಚದಡಿ ಸೇರಿತು, ಅವಳಿಗೆ ಬಗ್ಗಿ ತೆಗೆಯಲಾಗಲಿಲ್ಲ. ಅಂಗಡಿಯಲ್ಲಿ ಸಿಗುವ ಡಬ್ಬಿಗಳಿಗೆಲ್ಲ ಎರಡು ಕೈ ಬೇಕು. ಒಂದು ಹಿಡಿಯಲು, ಒಂದು ತೆರೆಯಲು. ಎರಡು ಕೈ ಇದ್ದವರೇ ಮಾಡಿದ ಡಬ್ಬಿಗಳು ಅವು.

ನನಗೆ ಯಲಹಂಕದಲ್ಲಿ ತ್ರೀಡಿ ಪ್ರಿಂಟಿಂಗಿನ ಒಂದು ಪುಟ್ಟ ಅಂಗಡಿ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಬೆಡ್ ಎಂದು ಕರೆಯುವ ಬಿಸಿ ತಟ್ಟೆಯ ಮೇಲೆ ಪದರದ ಮೇಲೆ ಪದರ ಕೂರಿಸಿ ವಸ್ತು ಮಾಡುವ ಕೆಲಸ. ಒಂಟಿ ಕೈಯ ಡಬ್ಬಿ ಮಾಡಿಕೊಡುತ್ತೇನೆ, ಅದೇನು ಮಹಾ ಎಂದು ಅಕ್ಕನ ಮುಂದೆ ಜಂಬ ಕೊಚ್ಚಿದೆ. ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳದ ತುಟಿಯನ್ನು ಮೇಲಕ್ಕೆ ತಳ್ಳಿದರೆ ತೆರೆಯಬೇಕು. ಮುಚ್ಚಳ ತಿರುಗುವ ಕೀಲಿಗೆ ಬೇರೆ ಕಡ್ಡಿ ಹಾಕುವಂತಿಲ್ಲ, ಅದು ಜಾರಿ ಬಿದ್ದರೆ ಮತ್ತೆ ಹುಡುಕುವವರು ಯಾರು? ಡಬ್ಬಿ, ಮುಚ್ಚಳ, ನಡುವಿನ ಕೀಲು ಎಲ್ಲವೂ ಜೋಡಿಸಿದ ಸ್ಥಿತಿಯಲ್ಲೇ ಒಟ್ಟಿಗೆ ಪ್ರಿಂಟ್ ಆಗಬೇಕು.

ಇಂಥ ಕೀಲಿನ ಗುಟ್ಟೆಲ್ಲ ಇರುವುದು ಖಾಲಿ ಜಾಗದಲ್ಲಿ. ಡಬ್ಬಿಗೆ ಸೇರಿದ ಎರಡು ಗೆಣ್ಣು, ಅವುಗಳ ಮಧ್ಯೆ ಮುಚ್ಚಳಕ್ಕೆ ಸೇರಿದ ಒಂದು ಗೆಣ್ಣು. ಮಧ್ಯದ್ದರ ಎರಡು ಕಡೆಯೂ ಮೊಂಡು ಶಂಕುವಿನಂಥ ಮೂತಿ, ಅಕ್ಕಪಕ್ಕದವುಗಳಲ್ಲಿ ಅದು ಕೂರುವ ಗುಳಿ. ಮೂತಿಯ ಇಳಿಜಾರು ನಲವತ್ತೈದು ಡಿಗ್ರಿ ಇದ್ದರೆ ಕೆಳಗೆ ಆಸರೆ ಕೊಡದೆಯೂ ಪದರಗಳು ನಿಲ್ಲುತ್ತವೆ. ಎರಡರ ನಡುವೆ ಬಿಡುವ ಅಂತರ ಕಡಿಮೆಯಾದರೆ ಎಲ್ಲ ಅಂಟಿಕೊಂಡು ಒಂದೇ ತುಂಡಾಗುತ್ತದೆ, ಹೆಚ್ಚಾದರೆ ಮುಚ್ಚಳ ಲಟಪಟ ಅನ್ನುತ್ತದೆ. ನನ್ನ ಮೆಷಿನ್ನಿಗೆ ಸರಿಹೊಂದುವುದು ಸೊನ್ನೆ ಪಾಯಿಂಟ್ ನಾಲ್ಕು ಮಿಲಿಮೀಟರ್.

ಮೊದಲನೆಯದು ಅಲ್ಲಾಡಲೇ ಇಲ್ಲ. ಕಾರಣ ತಿಳಿಯಲು ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಬೆಡ್ಡಿಗೆ ಅಂಟುವ ಮೊದಲ ಪದರ ಒತ್ತಿಸಿಕೊಂಡು ಸ್ವಲ್ಪ ಅಗಲವಾಗುತ್ತದೆ, ಪಕ್ಕಪಕ್ಕದ ಗೆಣ್ಣುಗಳು ತಳದಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ತಳದ ಅಂಚುಗಳನ್ನು ಓರೆಯಾಗಿ ಕತ್ತರಿಸಿದಂತೆ ವಿನ್ಯಾಸ ಬದಲಿಸಿದೆ. ಎರಡನೆಯದನ್ನು ಎರಡು ಕೈಯಲ್ಲಿ ಹಿಡಿದು ತುಸು ತಿರುಚಿದಾಗ ಚಟ್ ಎಂದು ಬಿಟ್ಟುಕೊಂಡಿತು. ಗೆಣ್ಣುಗಳ ನಡುವೆ ದಪ್ಪ ಕಾಗದ ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ನಾಲ್ಕಾರು ಸಲ ತೆರೆದು ಮುಚ್ಚಿ, ಹೆಮ್ಮೆಯಿಂದ ಶೆಟ್ಟಿಹಳ್ಳಿಗೆ ಒಯ್ದೆ.

ಒಳಗೆ ಮಧ್ಯಾಹ್ನದ ಮಾತ್ರೆ ಹಾಕಿ ಕೊಟ್ಟೆ. ಅಕ್ಕ ಅದನ್ನು ಬಲ ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಳ್ಳಿದಳು. ಮುಚ್ಚಳ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಇನ್ನಷ್ಟು ಬಲ ಹಾಕಿದಳು. ಡಬ್ಬಿ ಕೈಯಿಂದ ಹಾರಿ ನೆಲಕ್ಕೆ ಬಿತ್ತು, ಮಾತ್ರೆ ಎಲ್ಲಿಗೋ ಹೋಯಿತು. ಆಗಷ್ಟೇ ಒಳಗೆ ಬಂದಿದ್ದ ಭಾವ ನೆಲಕ್ಕೆ ಮಂಡಿಯೂರಿ ಹುಡುಕತೊಡಗಿದರು. ಅವರ ಬೆನ್ನು ನೋಡುತ್ತಿದ್ದ ಅಕ್ಕನ ಕಣ್ಣು ತುಂಬಿತು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗದಂಥ ಸಿಟ್ಟು. ನನ್ನ ಕೈಯಲ್ಲಿ ಚೆನ್ನಾಗಿಯೇ ತೆರೀತಿತ್ತು ಎಂದು ವಾದಕ್ಕಿಳಿದೆ.

"ನಿನ್ ಕೈಲಿ ತೆರಿಯುತ್ತೆ ಕಣೇ," ಎಂದಳು ಅಕ್ಕ. "ಎರಡೂ ಇವೆಯಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ ಆ ಮಾತು ಮನಸ್ಸಿನಿಂದ ಇಳಿಯಲಿಲ್ಲ. ನಮ್ಮ ಕಸುಬಿನವರೆಲ್ಲರ ಚಾಳಿ ಅದು. ಬೆಡ್ಡಿನಿಂದ ತೆಗೆದ ಕೀಲನ್ನು ಒಮ್ಮೆ ತಿರುಚಿ ಬಿಡಿಸುತ್ತೇವೆ, ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬಿಡಿಸಬೇಕಾಗಿ ಬಂತು ಎಂದರೆ ಒಳಗೆಲ್ಲೋ ಅಂಟಿತ್ತು ಎಂದೇ ಅರ್ಥ. ಕಿತ್ತ ಜಾಗ ತರಿತರಿಯಾಗಿ ಉಳಿದು ಉಜ್ಜುತ್ತಲೇ ಇರುತ್ತದೆ. ನನ್ನ ಎರಡು ಕೈಗಳಿಗೆ ಅದು ಗೊತ್ತೇ ಆಗಿರಲಿಲ್ಲ.

ಅಂಗಡಿಗೆ ಬಂದವಳೇ ಎಡಗೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿಕೊಂಡು ಡಬ್ಬಿ ತೆರೆಯಲು ಹೋದೆ. ಆಗಲಿಲ್ಲ. ಹಾಗೇ ಒಂದು ಲೋಟ ನೀರು ಕುಡಿಯಲು ಹೋಗಿ ಬಾಟಲಿಯ ಬಿರಡೆ ತೆಗೆಯಲಾಗದೆ ಸುಮ್ಮನೆ ಕೂತೆ. ಅಕ್ಕ ಇಷ್ಟು ದಿನ ಹೀಗೆ ಬದುಕಿದ್ದಾಳೆ ಎಂದು ಅಳು ಬಂತು, ಅತ್ತುಬಿಟ್ಟೆ.

ಆಮೇಲೆ ಗಂಟು ಬಿಚ್ಚಿ, ಕೀಲನ್ನು ಗರಗಸದಲ್ಲಿ ಉದ್ದಕ್ಕೆ ಕೊಯ್ದೆ. ಹೊರಗಿನ ಚಪ್ಪಟೆ ಮುಖಗಳ ನಡುವೆ ಅಂತರ ಸ್ಪಷ್ಟವಾಗಿ ಕಾಣುತ್ತಿತ್ತು, ನಾನು ಕಾಗದ ತೂರಿಸಿದ್ದು ಅಲ್ಲಿಯೇ. ಒಳಗೆ, ಮೂತಿ ಮತ್ತು ಗುಳಿಯ ಇಳಿಜಾರಿನಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ಬೆಸೆದು ಕಿತ್ತ ಗುರುತು. ಡ್ರಾಯಿಂಗ್ ತೆಗೆದು ನೋಡಿದರೆ ತಪ್ಪು ಅಲ್ಲೇ ಕೂತಿತ್ತು. ನಾನು ಇಡೀ ಮೂತಿಯನ್ನು ಗುಳಿಯಿಂದ ನೇರವಾಗಿ ಪಾಯಿಂಟ್ ನಾಲ್ಕು ಮಿಲಿಮೀಟರ್ ಹಿಂದಕ್ಕೆ ಸರಿಸಿದ್ದೆ, ಅಷ್ಟೇ. ಚಪ್ಪಟೆ ಮುಖಕ್ಕೆ ಅದು ಪೂರ್ತಿ ಪಾಯಿಂಟ್ ನಾಲ್ಕು. ನಲವತ್ತೈದು ಡಿಗ್ರಿ ಇಳಿಜಾರಿಗೆ ಅಡ್ಡಲಾಗಿ ಅಳೆದರೆ ಉಳಿಯುವುದು ಪಾಯಿಂಟ್ ಮೂರಕ್ಕಿಂತಲೂ ಕಡಿಮೆ. ಇಷ್ಟು ವರ್ಷ ಮಾಡಿದ ಕೀಲುಗಳೆಲ್ಲ ಹಾಗೇ ಇದ್ದಿರಬೇಕು. ಎಲ್ಲರೂ ತಿರುಚಿ ಬಿಡಿಸಿಕೊಂಡು ಥ್ಯಾಂಕ್ಸ್ ಹೇಳಿ ಹೋಗಿದ್ದರು.

ಗುಳಿಯ ಇಳಿಜಾರನ್ನು ಅದರ ಮೈಗೆ ಲಂಬವಾಗಿ ಅಳೆದು ಪೂರ್ತಿ ಪಾಯಿಂಟ್ ನಾಲ್ಕು ಸಿಗುವಷ್ಟು ಅಗಲಿಸಿದೆ. ಪ್ರಿಂಟಿಗೆ ಹಾಕಿ ಭಾವನಿಗೆ ಫೋನ್ ಮಾಡಿ, ಅಕ್ಕನನ್ನು ಅಂಗಡಿಗೇ ಕರೆತರಲು ಹೇಳಿದೆ. ಈ ಸಲ ನಾನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಅವರು ಆಟೊದಲ್ಲಿ ಬರುವ ಹೊತ್ತಿಗೆ ಪ್ರಿಂಟ್ ಮುಗಿದು ಬೆಡ್ ತಣ್ಣಗಾಗಿತ್ತು. ತಣ್ಣಗಾದರೆ ವಸ್ತು ತಾನಾಗಿಯೇ ತಟ್ಟೆ ಬಿಡುತ್ತದೆ. ಡಬ್ಬಿ ಮತ್ತು ಮುಚ್ಚಳ ಬಿಚ್ಚಿಟ್ಟ ಪುಸ್ತಕದ ಹಾಗೆ ಪಕ್ಕಪಕ್ಕ ಮಲಗಿದ್ದವು. ಭಾವ ಅಭ್ಯಾಸಬಲದಿಂದ ಕೈ ಚಾಚಿದರು, ನಾನು ತಡೆದೆ. ಅಕ್ಕ ಬಲಗೈಯಿಂದ ಡಬ್ಬಿಯ ಭಾಗವನ್ನು ಹಿಡಿದು ಎತ್ತಿದಳು. ಮುಚ್ಚಳ ಯಾರೂ ಮುಟ್ಟದೆ ತನ್ನ ಭಾರಕ್ಕೇ ಕೆಳಗೆ ಜೋತುಬಿತ್ತು. ಚಟ್ ಎನ್ನುವ ಸದ್ದೂ ಬರಲಿಲ್ಲ. ಅವಳು ಕೈ ತಿರುಗಿಸಿ ಮುಚ್ಚಿದಳು, ಹೆಬ್ಬೆರಳಿನಿಂದ ತೆರೆದಳು. ಮತ್ತೆ ಮುಚ್ಚಿದಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ, ಡಬ್ಬಿಯನ್ನೇ ನೋಡುತ್ತಿದ್ದೆ.

ಅವಳು ಗಂಡನ ಕಡೆ ತಿರುಗಿದಳು. ಬೆಳಿಗ್ಗೆ ಇದಕ್ಕೆ ಮಾತ್ರೆ ಹಾಕಿಟ್ಟು ಹೋದರೆ ಸಾಕು, ಮಧ್ಯಾಹ್ನ ಇನ್ನು ಓಡಿಬರಬೇಕಾಗಿಲ್ಲ ಎಂದಳು. ಭಾವ ತಲೆಯಾಡಿಸಿದರು. ಹಗುರಾಗುತ್ತಾರೆ ಎಂದುಕೊಂಡಿದ್ದೆ. ಅವರು ಜೇಬಿನಲ್ಲಿದ್ದ ಸ್ಕೂಟರಿನ ಕೀಯನ್ನು ತೆಗೆದು ಬೆರಳಲ್ಲಿ ತಿರುಗಿಸುತ್ತಾ, ಕೆಲಸ ಕಳೆದುಕೊಂಡವರ ಹಾಗೆ ನಿಂತುಬಿಟ್ಟರು.

"ಊಟಕ್ಕಾದ್ರೂ ಬರ್ಲಾ?" ಎಂದು ಕೇಳಿದರು ಕೊನೆಗೆ.

ಅಕ್ಕ ಎಷ್ಟೋ ತಿಂಗಳ ಮೇಲೆ ಅವರ ಮುಖವನ್ನು ನೇರವಾಗಿ ನೋಡಿದಳು.

"ಬನ್ನಿ," ಎಂದಳು. "ಬಂದು ನನ್ ಜೊತೆ ಕೂತ್ಕೊಂಡು ಊಟ ಮಾಡಿ."