ಕಂಬದಿಂದ ಕಂಬಕ್ಕೆ

ಹೊಲಿಗೆಯಕ್ಕನಿಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಅಂಗಿಯ ಗುಂಡಿ ಕಿತ್ತುಹೋದರೆ ಅವಳ ಅಪ್ಪನೇ ಕನ್ನಡಕ ಏರಿಸಿಕೊಂಡು ಹಾಕಿಕೊಡಬೇಕು. ಆದರೂ ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುವ ಜಾಗದಲ್ಲಿ, ಕಂಪ್ಯೂಟರಿನ ಮುಂದೆ ಕೂತು ಅವಳು ಫೋಟೋಗಳನ್ನು ಕತ್ತರಿಸುತ್ತಿದ್ದಳು, ಜೋಡಿಸುತ್ತಿದ್ದಳು. ಜೋಡಿಸಿದ್ದು ಎಲ್ಲಿ ಎಂದು ಹೆತ್ತವರಿಗೂ ಗೊತ್ತಾಗಬಾರದು, ಅದು ಅವಳ ಹಟ.

ಜನ ತರುತ್ತಿದ್ದ ಕೆಲಸಗಳೋ, ದೇವರಿಗೇ ಪ್ರೀತಿ. ಬಿಟ್ಟುಹೋದ ಗಂಡನನ್ನು ತೆಗೆಯಿರಿ, ಮಾತು ಬಿಟ್ಟ ನಾದಿನಿಯನ್ನು ತೆಗೆಯಿರಿ, ಪಾಲು ಕೇಳಿದ ತಮ್ಮನನ್ನು ತೆಗೆಯಿರಿ. ಎದುರಿಗೆ ನಿಂತು ಎರಡು ಮಾತು ಆಡುವ ಧೈರ್ಯವಿಲ್ಲದವರೆಲ್ಲ ಸ್ಟುಡಿಯೋಗೆ ಬಂದು ಶೂರರಾಗುತ್ತಿದ್ದರು. "ನಾನು ಸಂಸಾರ ಒಡೆಯಲ್ಲಪ್ಪ, ಒಡೆದಿದ್ದರ ಗುರುತು ಅಳಿಸ್ತೀನಿ ಅಷ್ಟೇ," ಎನ್ನುತ್ತಿದ್ದಳು ಹೊಲಿಗೆಯಕ್ಕ. ಹಾಗೆನ್ನುವಾಗ ಅವಳ ಮುಖದಲ್ಲಿ ಸಣ್ಣ ಜಂಬವೂ ಇರುತ್ತಿತ್ತು, ಸುಳ್ಳೇಕೆ ಹೇಳಬೇಕು.

ಅವಳ ಅಪ್ಪ ಊರಿನ ದೊಡ್ಡ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವನು. ಬೆಂಚು ಹೊತ್ತ, ಬೀಗ ಹಾಕಿದ, ಮಂತ್ರಿಗಳು ಬಂದರೆ ಕುರ್ಚಿ ಒರೆಸಿದ. ವರ್ಷ ವರ್ಷವೂ ಶಾಲೆಯಲ್ಲಿ ಗುಂಪು ಫೋಟೋ ತೆಗೆಯುತ್ತಿದ್ದರು. ಆ ಫೋಟೋಗೆ ಕುರ್ಚಿ ಸಾಲು ಹಚ್ಚುತ್ತಿದ್ದವನೂ ಅವನೇ, ಮುಗಿದ ಮೇಲೆ ಒಳಗೆ ಹೊರುತ್ತಿದ್ದವನೂ ಅವನೇ. ನಡುವೆ ಕ್ಯಾಮೆರಾ ಕ್ಲಿಕ್ ಎನ್ನುವ ಹೊತ್ತಿಗೆ ಮಾತ್ರ ಅವನನ್ನು ಯಾರೋ ಏನೋ ತರಲು ಅಟ್ಟಿರುತ್ತಿದ್ದರು. ಒಂದೇ ಒಂದು ಫೋಟೋದಲ್ಲೂ ಅಪ್ಪ ಇರಲಿಲ್ಲ.

ಶಾಲೆಗೆ ಐವತ್ತು ತುಂಬಿದಾಗ ಆಡಳಿತ ಮಂಡಳಿಗೆ ಭಾರಿ ಆಸೆ ಹುಟ್ಟಿತು. ಇಡೀ ಉದ್ದ ಜಗಲಿ, ಅದರ ಕಂಬಗಳೆಲ್ಲ, ಹಾಲಿ, ನಿವೃತ್ತ ಸಿಬ್ಬಂದಿ ಎಲ್ಲರೂ ಒಂದೇ ಚಿತ್ರದಲ್ಲಿ ಬರಬೇಕು. ಸಭಾಂಗಣದ ಗೋಡೆ ತುಂಬಬೇಕು. ಸ್ಟುಡಿಯೋ ಮಾಲೀಕ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ, ತುಂಡು ತುಂಡಾಗಿ ತೆಗೆದ. ನಿವೃತ್ತನಾಗಿದ್ದ ಅಪ್ಪನಿಗೂ ಕರೆ ಹೋಗಿತ್ತು. ಯಾಕೆಂದರೆ ಅಧ್ಯಕ್ಷರ ಬೋಳುತಲೆಗೆ ಬಿಸಿಲು ತಾಕುತ್ತಿತ್ತು, ಛತ್ರಿ ಹಿಡಿಯಲು ಜನ ಬೇಕಿತ್ತು.

ನಟ್ಟನಡುವೆ ದೊಡ್ಡ ಕುರ್ಚಿಯಲ್ಲಿ ಅಧ್ಯಕ್ಷರು, ಎಡಬಲಕ್ಕೆ ಅವರ ಬಾಲಬಡುಕರಿಬ್ಬರು, ಹಿಂದೆ ಮೆಟ್ಟಿಲ ಮೇಲೆ ಛತ್ರಿ ಹಿಡಿದ ಅಪ್ಪ. ಮಾಲೀಕ "ರೆಡೀ" ಎಂದಾಗ ಅಪ್ಪ ಅಭ್ಯಾಸಬಲದಿಂದ ಓಡಲು ಹೊರಟ. "ಎಲ್ಲಿಗಯ್ಯಾ? ಛತ್ರಿ ಮಡಚಿ ಅಲ್ಲೇ ನಿಂತ್ಕೋ," ಎಂದು ಅಧ್ಯಕ್ಷರು ಗದರಿದರು. ಅಪ್ಪ ನಿಂತ. ಜೀವನದಲ್ಲಿ ಮೊದಲ ಸಲ, ಅದೂ ನಡುಮಧ್ಯದಲ್ಲಿ.

ತುಂಡುಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದವಳು ಹೊಲಿಗೆಯಕ್ಕನೇ. ಅಪ್ಪ ಮಗಳ ಫೋನಿನಲ್ಲಿ ಅದನ್ನು ನೋಡಿ, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ತನ್ನ ಮುಖ ಹುಡುಕಿದ. ಆಮೇಲೆ ಬೀದಿಗೆ ಬೀದಿಯೇ ಕೇಳಬೇಕಾಯಿತು. ಹಾಲಿನವನಿಗೆ ಹೇಳಿದ, ಕ್ಷೌರದವನಿಗೆ ಹೇಳಿದ. "ಸಭಾಂಗಣದ ಗೋಡೆ ಮೇಲೆ ಬರ್ತೀನಿ ಕಣಯ್ಯಾ, ಮಧ್ಯದಲ್ಲಿ!" ಎಂದು ಕೇಳದವರಿಗೂ ಹೇಳಿದ. ಗೋಡೆಗೆ ಏರುವ ದಿನಕ್ಕೆಂದು ಅಂಗಿ ಇಸ್ತ್ರಿ ಮಾಡಿಸಿ ತೂಗುಹಾಕಿದ.

ಫೋಟೋ ದೊಡ್ಡದಾಗಿ ಮುದ್ರಣವಾಗುವ ಮೊದಲೇ ಅಧ್ಯಕ್ಷರು ಕುರ್ಚಿಯಿಂದ ಉದುರಿದರು. ಕಾರಣ ಸೈಕಲ್ ನಿಲ್ಲಿಸುವ ಛಾವಣಿಗೆ ಯಾವ ಬಣ್ಣ ಬಳಿಯಬೇಕೆಂಬ ಘನವಾದ ತತ್ವಭೇದ. ಬಾಲಬಡುಕರೂ ಬಾಲದ ಹಿಂದೆಯೇ ಹೋದರು. ಚಿತ್ರದಲ್ಲಿ ಅವರಿಂದಾಚೆ ಎಡಕ್ಕೆ ಕೂತಿದ್ದವರು ಹೊಸ ಅಧ್ಯಕ್ಷರಾದರು, ಬಲಕ್ಕೆ ಕೂತಿದ್ದವರು ಕಾರ್ಯದರ್ಶಿ. ಮಾರನೆಯ ದಿನವೇ ಕಾರ್ಯದರ್ಶಿ ಸ್ಟುಡಿಯೋದಲ್ಲಿ ಹಾಜರು.

"ಏನಮ್ಮಾ, ಮಧ್ಯದ ಪಟ್ಟಿ ಒಂದು ತೆಗೆದುಬಿಡಿ. ಎರಡು ಕಡೆ ಎಳೆದು ಸೇರಿಸಿ. ನಾವು ದ್ವೇಷ ಸಾಧಿಸೋ ಜನ ಅಲ್ಲ. ಆದರೆ ಗೋಡೆಗೆ ಹಿಡಿಸಬೇಕಲ್ಲ, ಉದ್ದ ಜಾಸ್ತಿಯಾಯ್ತು."

ದ್ವೇಷ ಸಾಧಿಸದ ಆ ಮಹಾನುಭಾವರು ಹೋದ ಮೇಲೆ ಹೊಲಿಗೆಯಕ್ಕ ಚಿತ್ರ ತೆರೆದು ಕೂತಳು. ಪಟ್ಟಿ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ, ಯಾರು ಬೇಕಾದರೂ ಕತ್ತರಿಸಬಹುದು. ಕಷ್ಟ ಇರುವುದು ಆಮೇಲೆ. ತಿರುಗಿಸಿ ತೆಗೆದ ಚಿತ್ರದಲ್ಲಿ ನೇರ ಮೆಟ್ಟಿಲೂ ನೇರ ಇರುವುದಿಲ್ಲ, ಬಿಲ್ಲಿನಂತೆ ಬಾಗಿರುತ್ತದೆ. ನಡುವಿನ ಭಾಗ ಕಿತ್ತು ಎರಡು ಬದಿ ಸೇರಿಸಿದರೆ ಮೆಟ್ಟಿಲು ಮುರಿದ ಮೊಣಕೈಯಂತೆ ಕಾಣುತ್ತದೆ. ಅದಕ್ಕೆ ಎರಡು ಕಡೆಯನ್ನೂ ಸ್ವಲ್ಪ ಸ್ವಲ್ಪ ಬಗ್ಗಿಸಿ ದಾರಿಗೆ ತರಬೇಕು. ಎಡಗಡೆ ಬಿಸಿಲು, ಬಲಗಡೆ ಮರದ ನೆರಳು. ಬೆಳಕು ಒಂದೇ ಏಟಿಗೆ ಬದಲಾಗದಂತೆ ಮೆಲ್ಲಗೆ ಬೆರೆಸಬೇಕು. ಕೂಡುಗೆರೆ ಯಾವತ್ತೂ ನೆಟ್ಟಗೆ ಹೋಗಬಾರದು, ನೆಟ್ಟಗಿನದು ಕಣ್ಣಿಗೆ ಹೊಡೆಯುತ್ತದೆ. ಅದು ಕಂಬದ ಅಂಚು ಹಿಡಿದು ಇಳಿದು, ಎರಡು ಕುರ್ಚಿಗಳ ಸಂದಿಯಲ್ಲಿ ನುಸುಳಿ, ಜಲ್ಲಿಕಲ್ಲಿನ ನೆಲದಲ್ಲಿ ಅಂಕುಡೊಂಕಾಗಿ ಕಳೆದುಹೋಗಬೇಕು.

ಈ ಚಿತ್ರದಲ್ಲಿ ಸುಲಭದ ದಾರಿಯೊಂದು ಕೈಬೀಸಿ ಕರೆಯುತ್ತಿತ್ತು. ಕಂಬಗಳೆಲ್ಲ ಒಂದೇ ಅಚ್ಚು. ಒಂದು ಕಂಬದ ಎಡ ಅರ್ಧಕ್ಕೆ ಮುಂದಿನ ಕಂಬದ ಬಲ ಅರ್ಧ ಅಂಟಿಸಿದರೆ ಒಂದು ಪೂರ್ಣ ಕಂಬ. ಬ್ರಹ್ಮ ಬಂದರೂ ಕಂಡುಹಿಡಿಯಲಾರ. ಕಂಬದಿಂದ ಕಂಬಕ್ಕೆ ಇಡೀ ಅಂಕಣವೇ ಹೋಗಬೇಕು ಅಷ್ಟೇ. ಆ ಅಂಕಣದೊಳಗೆ ಮಾಜಿ ಅಧ್ಯಕ್ಷರಿದ್ದರು, ಬಾಲಬಡುಕರಿದ್ದರು, ಮತ್ತು ಎಡಗಂಬಕ್ಕೆ ಒತ್ತಿಕೊಂಡು, ಮಡಚಿದ ಛತ್ರಿ ಹಿಡಿದು, ನಗಬೇಕೋ ಬಾರದೋ ತಿಳಿಯದೆ ಅರ್ಧ ನಕ್ಕ ಅಪ್ಪ ಇದ್ದ.

ಹೊಲಿಗೆಯಕ್ಕ ಕಷ್ಟದ ದಾರಿ ಹಿಡಿದಳು. ಕೂಡುಗೆರೆಯನ್ನು ಅಪ್ಪನ ತಲೆ ಬಳಸಿ, ಹೆಗಲು ಬಳಸಿ ಇಳಿಸಿದಳು. ಮುಂದೆ ಅಡ್ಡವಿದ್ದ ಕುರ್ಚಿ ಹೋದ ಮೇಲೆ ಅಪ್ಪನಿಗೆ ಸೊಂಟದ ಕೆಳಗೆ ಏನೂ ಇರಲಿಲ್ಲ. ಬಲಗಡೆಯವರನ್ನು ಎಳೆದು ತಂದು ಅವನ ಮುಂದೆ ಕೂರಿಸಿ ಮುಚ್ಚಿದಳು. ಮೆಟ್ಟಿಲು ಬಗ್ಗಿಸಿದಳು, ನೆರಳು ತಿದ್ದಿದಳು. ಕಣ್ಣು ಉರಿಯುವವರೆಗೆ ಮಾಡಿ ಹಿಂದಕ್ಕೆ ಒರಗಿ ನೋಡಿದಳು. ಅಪ್ಪ ಉಳಿದಿದ್ದ. ಆದರೆ ಅವನ ಪಕ್ಕದ ಎರಡು ಕಂಬಗಳು ಒಂದಕ್ಕೊಂದು ಗುಟ್ಟು ಹೇಳುವಷ್ಟು ಹತ್ತಿರ ಬಂದಿದ್ದವು. ಅಂಕಣ ಒಬ್ಬನೇ ಮನುಷ್ಯನಷ್ಟು ಕಿರಿದಾಗಿತ್ತು. ಅದು ಅವಳ ಕಣ್ಣಿಗೂ ಮುಳ್ಳಿನಂತೆ ಚುಚ್ಚಿತು. ಯಾರೂ ನೋಡಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಕಾರ್ಯದರ್ಶಿ ಮೊದಲು ತಮ್ಮ ಮುಖ ನೋಡಿಕೊಂಡರು, ತೃಪ್ತಿಯಾಯಿತು. ಆಮೇಲೆ ಪುರುಸೊತ್ತಾಗಿ ಉಳಿದದ್ದನ್ನು ನೋಡಿದರು.

"ಈ ಕಂಬಗಳ್ಯಾಕಮ್ಮಾ ಹೀಗೆ ಅಂಟಿಕೊಂಡಿವೆ? ನೋಡಿದ ತಕ್ಷಣ ಏನೋ ಕಿತ್ತಿದೀವಿ ಅಂತ ಗೊತ್ತಾಗುತ್ತಲ್ಲ. ಮಧ್ಯದಲ್ಲಿ ಇವನ್ಯಾರು?"

"ನಮ್ಮಪ್ಪ, ಸಾರ್."

"ಓಹೋ! ನಮ್ಮ ಗಂಟೆಯವರಾ? ದೇವರಂಥಾ ಮನುಷ್ಯ. ಅವರನ್ನ ಮರೆಯೋಕಾಗುತ್ತಾ? ಅವರನ್ನೂ ತೆಗೆದುಬಿಡಿ, ಕಂಬ ಸರಿಹೋಗುತ್ತೆ."

"ಸಾರ್, ಅವರು ಎಲ್ಲರಿಗೂ ಹೇಳ್ಕೊಂಡಿದಾರೆ..."

"ಅವರದ್ದೊಂದು ಬೇರೆ ಫೋಟೋನೇ ಹಾಕಿಸೋಣ ಬಿಡಿ. ದೊಡ್ಡದು!" ಎಂದು ಕಾರ್ಯದರ್ಶಿ ಕೈಯಲ್ಲೇ ಗಾಳಿಯಲ್ಲಿ ಅಳತೆ ತೋರಿಸಿದರು. ಗಾಳಿಯಲ್ಲಿ ತೋರಿಸಿದ್ದು ಗಾಳಿಯಲ್ಲೇ ಹೋಯಿತು. ಮಾಲೀಕ ಬಾಗಿಲ ಹಿಂದಿನಿಂದ ಕೈಮುಗಿದು, "ಮಾಡಿಕೊಟ್ಟುಬಿಡೇ ತಾಯಿ," ಎಂದು ಸನ್ನೆ ಮಾಡಿದ.

ಅವಳು ಇನ್ನೊಂದಷ್ಟು ಜಗಳವಾಡಬಹುದಿತ್ತು. ಆಡಲಿಲ್ಲ. ಯಾಕೆಂದರೆ ಕಂಬದ ವಿಷಯದಲ್ಲಿ ಆ ಪುಣ್ಯಾತ್ಮ ಹೇಳಿದ್ದು ನಿಜವಾಗಿತ್ತು, ಮತ್ತು ತನ್ನ ಕೆಲಸದಲ್ಲಿ ಜೋಡಣೆ ಕಾಣುತ್ತದೆ ಎಂಬ ಮಾತು ಅವಳ ಹಟವನ್ನು ಕೆಣಕಿತ್ತು. ಕಂಬದಿಂದ ಕಂಬಕ್ಕೆ ಕತ್ತರಿಸಿದಳು. ಎಡ ಅರ್ಧ, ಬಲ ಅರ್ಧ, ಒಂದು ಕಂಬ. ಮೆಟ್ಟಿಲು ನೀರಿನಂತೆ ಹರಿಯಿತು. ಹೊಸ ಅಧ್ಯಕ್ಷರು, ಕಾರ್ಯದರ್ಶಿ ಹುಟ್ಟಿದಾಗಿನಿಂದ ಅಕ್ಕಪಕ್ಕ ಕೂತವರಂತೆ ಕಂಡರು. ಅವಳ ಜನ್ಮದಲ್ಲೇ ಅಷ್ಟು ಚೆನ್ನಾದ ಕೆಲಸ ಆಗಿರಲಿಲ್ಲ. ಹಾಳಾದ್ದು, ಆ ಗಳಿಗೆಯಲ್ಲಿ ಅವಳಿಗೆ ಖುಷಿಯೂ ಆಯಿತು.

ಅಪ್ಪನಿಗೆ ಹೇಳಬೇಕೆಂದು ದಿನಾ ಬೆಳಿಗ್ಗೆ ಅಂದುಕೊಂಡಳು. ದಿನಾ ಅವನು ತೂಗುಹಾಕಿದ ಅಂಗಿಯ ಧೂಳು ಕೊಡವುತ್ತಿದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಅನಾವರಣದ ದಿನ ಸಭಾಂಗಣದಲ್ಲಿ ಭಾಷಣಗಳಾದವು. ಒಗ್ಗಟ್ಟಿನ ಬಗ್ಗೆ ಕಾರ್ಯದರ್ಶಿ ಗಂಟಲು ಕಟ್ಟುವಷ್ಟು ಮಾತಾಡಿದರು. ಪರದೆ ಸರಿಯಿತು, ಚಪ್ಪಾಳೆ ಬಿತ್ತು, ಜನ ಟೀ ಕಡೆಗೆ ನುಗ್ಗಿದರು. ಅಪ್ಪ ಮಾತ್ರ ಗೋಡೆಯ ಕಡೆಗೆ ಹೋದ. ಮಧ್ಯ ನೋಡಿದ. ಎಡಕ್ಕೆ ಹೋಗಿ ತುದಿಯವರೆಗೆ ನೋಡಿ ಬಂದ, ಬಲಕ್ಕೆ ಹೋಗಿ ನೋಡಿ ಬಂದ. ಮತ್ತೆ ಮಧ್ಯಕ್ಕೆ ನಿಂತ. ಹೊಲಿಗೆಯಕ್ಕ ಅವನ ಬೆನ್ನ ಹಿಂದೆ ನಿಂತಿದ್ದಳು.

"ಇದು ನೀನೇ ಮಾಡಿದ್ದಾ, ಮಗಾ?"

"ಹೂಂ, ಅಪ್ಪ. ಅವರು... ಕಂಬ ಸರಿಬರ್ತಿರಲಿಲ್ಲ ಅಪ್ಪ."

ಅಪ್ಪ ಕನ್ನಡಕ ಏರಿಸಿ ಗೋಡೆಗೆ ಮೂಗು ತಾಕುವಷ್ಟು ಬಗ್ಗಿದ. ಅಂಗಿಯ ಗುಂಡಿ ಹಾಕಿದ ಮೇಲೆ ದಾರ ನೋಡುವವನಂತೆ, ಕಂಬದ ಮೇಲೆ ಬೆರಳಾಡಿಸುತ್ತ ಮೆಟ್ಟಿಲವರೆಗೆ ಇಳಿಸಿದ. ಬೆರಳು ಎಲ್ಲೂ ತಡೆಯಲಿಲ್ಲ. ಅವಳಿಗೆ ಅದು ಎಲ್ಲಾದರೂ ತಡೆಯಲಿ ಅನಿಸಿತು, ದೇವರೇ, ಒಂದು ಕೂದಲೆಳೆಯಷ್ಟಾದರೂ.

ಟೀ ಲೋಟ ಹಿಡಿದು ಹೋಗುತ್ತಿದ್ದ ಡ್ರಿಲ್ ಮೇಷ್ಟ್ರನ್ನು ಅಪ್ಪ ತೋಳು ಹಿಡಿದು ನಿಲ್ಲಿಸಿದ.

"ಮೇಷ್ಟ್ರೇ, ಬನ್ನಿ ಇಲ್ಲಿ. ಈ ಜಾಗದಲ್ಲಿ ನಾನು ನಿಂತಿದ್ದೆ. ನೋಡಿ, ಏನಾದ್ರೂ ಗೊತ್ತಾಗುತ್ತಾ?"

ಮೇಷ್ಟ್ರು ಬಗ್ಗಿ ನೋಡಿ, "ಏನೂ ಗೊತ್ತಾಗಲ್ಲಪ್ಪ," ಎಂದರು.

"ನನ್ನ ಮಗಳ ಕೆಲಸ," ಎಂದ ಅಪ್ಪ, ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ. ಆಮೇಲೆ ಖಾಲಿಯಾದ ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಒಳಗಿಡತೊಡಗಿದ. ಯಾರೂ ಹೇಳಿರಲಿಲ್ಲ.