ಕೆಟ್ಟಿದ್ದು ಅನ್ನ, ಚೆಲ್ಲಿದ್ದು ಉಪ್ಪಿನಕಾಯಿ

ನೆಲಮಂಗಲದ ಹೆದ್ದಾರಿ ಪಕ್ಕದ ಗೋದಾಮೊಂದರಲ್ಲಿ ಮೂಟೆ ಹೊರುವವರಿಗೆ ರುಕ್ಮಿಣಮ್ಮ ಅಡುಗೆ ಮಾಡುತ್ತಾರೆ. ಗಂಡ ತೀರಿಕೊಂಡ ಮೇಲೆ ಹಿಡಿದ ಸೌಟನ್ನು ಇನ್ನೂ ಕೆಳಗಿಟ್ಟಿಲ್ಲ. ಅವರ ಸಾರಿಗಿಂತ ಮಾವಿನಕಾಯಿ ಉಪ್ಪಿನಕಾಯಿಗೇ ಹೆಸರು ಹೆಚ್ಚು.

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ, ಎರಡನೇ ಪಾಳಿಯವರು ಉಂಡು ಎದ್ದ ಸ್ವಲ್ಪ ಹೊತ್ತಿಗೇ ಐದಾರು ಜನ ವಾಂತಿ ಮಾಡಿಕೊಂಡರು. ಅವರನ್ನು ಆಟೋದಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಕಳಿಸಿದ ಸೂಪರ್‌ವೈಸರ್ ದೇವೇಂದ್ರ ನೇರವಾಗಿ ಅಡುಗೆಮನೆಗೆ ಬಂದ.

"ಈ ಉಪ್ಪಿನಕಾಯಿ ಯಾವಾಗಿಂದು ರುಕ್ಮಿಣಮ್ಮ?"

"ಹೋದ ವರ್ಷದ್ದು."

"ವರ್ಷದ ಹಿಂದಿಂದು ತಿನ್ನಿಸಿದ್ರೆ ಇನ್ನೇನಾಗುತ್ತೆ? ಅನ್ನ ಇವತ್ತೇ ಮಾಡಿದ್ದಲ್ವಾ."

ರುಕ್ಮಿಣಮ್ಮ ತಡೆಯುವಷ್ಟರಲ್ಲಿ ಅವನು ಜಾಡಿಯನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದ. ಅವರಿಗೆ ಮೈಯೆಲ್ಲ ಉರಿದುಹೋಯಿತು. ಜಾಡಿಯನ್ನು ಬಿಸಿಲಿಗೆ ಒಣಗಿಸಿ, ಹನಿ ನೀರು ಸೋಕದಂತೆ ಕಾಯಿ ಒರೆಸಿ ಹಾಕಿದ್ದು ಅದು.

ಮಾರನೆಯ ದಿನ ಹುಡುಗರನ್ನು ನೋಡಲು ಕ್ಲಿನಿಕ್ಕಿಗೆ ಹೋದಾಗ ಅಲ್ಲಿನ ನರ್ಸ್ ಅರುಣಾ ಕೇಳಿದಳು, "ಅನ್ನ ಯಾವಾಗ ಮಾಡಿದ್ರಿ ಅಕ್ಕಾ?"

"ಬೆಳಿಗ್ಗೆ. ದೊಡ್ಡ ಪಾತ್ರೇಲಿ ಮುಚ್ಚಿಟ್ಟಿದ್ದೆ. ಸಂಜೆ ಬಿಸಿ ಮಾಡಿ ಬಡಿಸ್ದೆ. ಹಳಸಿದ ವಾಸ್ನೆ ಒಂಚೂರೂ ಇರ್ಲಿಲ್ಲ ಕಣಮ್ಮ."

"ಅಲ್ಲೇ ಎಡವಟ್ಟಾಗಿರೋದು. ಅಕ್ಕೀಲಿರೋ ಒಂದು ಜಾತಿ ಕ್ರಿಮಿ ಬೀಜದ ಥರ ಗಟ್ಟಿ ಚಿಪ್ಪಿನೊಳಗೆ ಕೂತಿರುತ್ತೆ, ಕುದಿಸಿದ್ರೂ ಸಾಯಲ್ಲ. ಅನ್ನದಲ್ಲಿ ನೀರಿದೆ, ಹುಳಿ ಇಲ್ಲ, ಉಪ್ಪಿಲ್ಲ. ಮುಚ್ಚಿಟ್ಟು ಉಗುರುಬೆಚ್ಚಗೆ ಇದ್ರೆ ಅದು ಮೊಳಕೆ ಒಡೆದು ವಿಷ ಬಿಡುತ್ತೆ. ಆ ವಿಷ ಆಮೇಲೆ ಬಿಸಿ ಮಾಡಿದ್ರೂ ಹೋಗಲ್ಲ."

"ಮತ್ತೆ ಉಪ್ಪಿನಕಾಯಿ?"

"ಅದರಲ್ಲಿ ಉಪ್ಪು ಕಾಯಿಯ ನೀರನ್ನ ಎಳೆದು ಹಿಡ್ಕೊಂಡಿರುತ್ತೆ. ಕ್ರಿಮಿಗೆ ಬೆಳೆಯೋಕೆ ನೀರು ಸಿಗಲ್ಲ. ಮಾವಿನ ಹುಳೀಲೂ ಅದು ತಲೆ ಎತ್ತಲ್ಲ. ಮೇಲಿನ ಎಣ್ಣೆ ಗಾಳಿ ತಡೆಯುತ್ತೆ, ಬೂಷ್ಟು ಹಿಡಿಯಲ್ಲ."

ಉಪ್ಪಿನ ವಿಷಯ ರುಕ್ಮಿಣಮ್ಮನಿಗೆ ಅಮ್ಮ ಕಲಿಸಿದ್ದೇ. ಆದರೆ ತಾನು ಮುಚ್ಚಳ ಹಾಕಿ ಜೋಪಾನ ಮಾಡಿದ ಅನ್ನವೇ ಮಕ್ಕಳಂಥವರನ್ನು ಮಲಗಿಸಿತು ಎಂಬುದು ಈಗಷ್ಟೇ ಗೊತ್ತಾಯಿತು.

ದೇವೇಂದ್ರನಿಗೆ ಎಲ್ಲ ಹೇಳಿ, ಎರಡನೇ ಪಾಳಿಗೆ ಸಂಜೆ ಬೇರೆಯಾಗಿ ಅನ್ನ ಮಾಡುತ್ತೇನೆ ಎಂದರು.

"ಮಾಡ್ಕೊಳ್ಳಿ. ಆದ್ರೆ ಹಳೇ ಉಪ್ಪಿನಕಾಯಿ ಮಾತ್ರ ಬೇಡ. ಹೊಸದು ಹಾಕಿ, ಉಪ್ಪು ಅರ್ಧಕ್ಕೆ ಇಳಿಸಿ. ಬಿಪಿ ಬರುತ್ತೆ."

"ಉಪ್ಪು ಇಳಿಸಿದ್ರೆ ಅದು ನಿಲ್ಲಲ್ಲಪ್ಪಾ. ಬಿಪಿ ಇರೋರು ಕಮ್ಮಿ ತಿನ್ಲಿ."

ಅವನು ಫೋನ್ ಬಂತೆಂದು ಹೊರಗೆ ಹೋದ. ಬೇರೆ ದಾರಿಯಿಲ್ಲದೆ ಅವನು ಹೇಳಿದಂತೆಯೇ ಹಾಕಿದರು. ಕೆಲವು ವಾರಗಳಲ್ಲೇ ಮೇಲೆ ಬಿಳಿ ಬೂಷ್ಟು ಕಟ್ಟಿತು. ಅದನ್ನು ತೋರಿಸಿದರೆ ದೇವೇಂದ್ರ, "ನಿಮ್ಮ ಕೈ ಒದ್ದೆ ಇತ್ತೇನೋ" ಎಂದ.

ರುಕ್ಮಿಣಮ್ಮ ಅದನ್ನು ತಾವೇ ಮೋರಿಗೆ ಸುರಿದರು, ಮತ್ತೆ ಉಪ್ಪಿನಕಾಯಿ ಹಾಕಲಿಲ್ಲ. ಈಗ ದಿನಾ ಸಂಜೆ ಬಿಸಿ ಅನ್ನ ಇಳಿಸುತ್ತಾರೆ, ಯಾರಿಗೂ ಹೊಟ್ಟೆ ಕೆಟ್ಟಿಲ್ಲ. ಎಲೆಯ ತುದಿಗೆ ಅಂಗಡಿಯ ಪೊಟ್ಟಣದ ಉಪ್ಪಿನಕಾಯಿ ಬೀಳುತ್ತದೆ. ಅದನ್ನು ಬಡಿಸುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ.